ಮೂರು ರಟ್ಟಿನ ತುಂಡಿನಲ್ಲಿ ಟಾಲೆಮಿ ಪ್ರಮೇಯ: ನನ್ನ ಅನುಭವ

ಗಣಿತ ಶಿಕ್ಷಕರ ಸಮಾಲೋಚನಾ ಸಭೆಯಲ್ಲಿ ನಾನು ಬಾಯಿ ತಪ್ಪಿ ಒಂದು ಮಾತು ಆಡಿಬಿಟ್ಟೆ. ಚಕ್ರೀಯ ಚತುರ್ಭುಜದಲ್ಲಿ ಎದುರು ಬಾಹುಗಳ ಗುಣಲಬ್ಧಗಳನ್ನು ಕೂಡಿದರೆ ಕರ್ಣಗಳ ಗುಣಲಬ್ಧ ಬರುತ್ತೆ ಅನ್ನೋದನ್ನ ನಮ್ಮ ಹತ್ತನೇ ಕ್ಲಾಸಿನ ಮಕ್ಕಳ ಕೈಯಲ್ಲೇ ಸಾಧಿಸಿ ತೋರಿಸ್ತೀನಿ ಅಂದೆ. ಪಕ್ಕದಲ್ಲಿ ಕೂತಿದ್ದ ಹಿರಿಯ ಮೇಷ್ಟ್ರು ಟೀ ಲೋಟ ಕೆಳಗಿಟ್ಟು, "ಪರೀಕ್ಷೆಗೆ ಬರಲ್ಲ, ಪುಸ್ತಕದಲ್ಲಿಲ್ಲ, ನಮ್ಮ ಹುಡುಗರಿಗೆ ಹತ್ತಲ್ಲ. ಯಾಕ್ರೀ ಮೇಷ್ಟ್ರೇ ಈ ಉಸಾಬರಿ?" ಅಂದರು. ಸುತ್ತ ಕೂತವರು ನಕ್ಕರು. ಅವರ ಮಾತು ಸುಳ್ಳಾಗಿರಲಿಲ್ಲ, ಅದಕ್ಕೇ ಸ್ವಲ್ಪ ಜಾಸ್ತಿ ಚುಚ್ಚಿತು. ನಮ್ಮದು ಬೇಲೂರು–ಚಿಕ್ಕಮಗಳೂರು ರಸ್ತೆಯಿಂದ ಒಳಗಿರೋ ಹಳ್ಳಿ ಶಾಲೆ. ಮಕ್ಕಳಲ್ಲಿ ಅರ್ಧದಷ್ಟು ತೋಟದ ಕೆಲಸದವರ ಮನೆಯವರು.

ಮೊದಲು ಹಿಡಿದಿದ್ದು ಸೈಕಲ್ ರಿಮ್. ಕಡ್ಡಿ ತೆಗೆದ ಹಳೇ ರಿಮ್ಮಿಗೆ ಗುಜರಿಯವನು ಎಂಬತ್ತು ರೂಪಾಯಿ ತಗೊಂಡ. ನನಗೆ ಸಿಕ್ಕಿದ್ದು 36 ತೂತಿನದು. ತೂತಿಂದ ತೂತಿಗೆ ಹತ್ತು ಡಿಗ್ರಿ ಅಂತ ವೃತ್ತವೇ ಭಾಗವಾಗಿ ಬಂದಿದೆ, ಇನ್ನೇನು ಬೇಕು ಅಂದುಕೊಂಡೆ. ನಾಲ್ಕು ತೂತು ಆರಿಸಿ ಬಾಹುಗಳಿಗೂ ಕರ್ಣಗಳಿಗೂ ದಾರ ಕಟ್ಟೋದು, ಬಿಚ್ಚಿ ಸ್ಕೇಲಿನ ಮೇಲೆ ಅಳೆಯೋದು, ಗುಣಿಸೋದು. ಒಂದರಿಂದ ಇನ್ನೊಂದಕ್ಕೆ 7, 8, 9, 12 ತೂತು ಎಣಿಸಿಕೊಂಡು ಒಂದು ಚತುರ್ಭುಜ ಮಾಡಿದ್ವಿ. 61 ಸೆಂಟಿಮೀಟರ್ ವ್ಯಾಸಕ್ಕೆ ಲೆಕ್ಕ ಹಾಕಿದರೆ ಬಾಹುಗಳು 35, 39.2, 43.1, 52.8 ಬರಬೇಕು. ಎದುರು ಜೋಡಿಗಳನ್ನು ಗುಣಿಸಿ ಕೂಡಿದರೆ ಸುಮಾರು 3580. ಕರ್ಣಗಳು 58.9 ಮತ್ತು 60.8, ಗುಣಿಸಿದರೆ ಅದೂ ಸುಮಾರು 3580. ಮಕ್ಕಳ ಅಳತೆಯಲ್ಲಿ ಬಂದಿದ್ದು ಒಂದು ಕಡೆ 3690ರ ಆಸುಪಾಸು, ಇನ್ನೊಂದು ಕಡೆ 3560 ಚಿಲ್ಲರೆ.

ತಪ್ಪು ಎಲ್ಲಿ ಅಂತ ಹುಡುಕೋಕೆ ಒಂದು ವಾರ ಹೋಯಿತು. ಪುನರ್ವಸು ಮಳೆ ಹಿಡಿದಿತ್ತು, ಹತ್ತಿ ದಾರ ಒದ್ದೆಯಾಗ್ತಿತ್ತು, ಹುಡುಗರು ಸ್ಕೇಲಿನ ಮೇಲೆ ಎಳೆದು ಹಿಡೀತಿದ್ರು. ಉದ್ದದಲ್ಲಿ ನೂರಕ್ಕೆ ಒಂದರಷ್ಟು ಹೆಚ್ಚಾದರೆ ಗುಣಲಬ್ಧದಲ್ಲಿ ಎರಡರಷ್ಟು ಹೆಚ್ಚಾಗುತ್ತೆ, ಅಲ್ಲಿಗೇ ಎಪ್ಪತ್ತು ಹೋಯಿತು. ರಿಮ್ಮೂ ದುಂಡಗಿರಲಿಲ್ಲ. ಒಂದು ಕಡೆಯಿಂದ ಅಳೆದರೆ 61, ಅಡ್ಡಕ್ಕೆ ಅಳೆದರೆ ಅರವತ್ತಕ್ಕಿಂತ ಕಮ್ಮಿ. ಸೈಕಲ್ ಶಾಪಿಗೆ ಒಯ್ದರೆ, "ಕಡ್ಡಿ ಇಲ್ದೆ ಔಟ್ ತೆಗಿಯಕ್ಕಾಗಲ್ಲ ಸಾರ್" ಅಂತ ಹೇಳಿ, ಸುತ್ತಿಗೆಯಲ್ಲಿ ಎರಡೇಟು ಹಾಕಿ ಐವತ್ತು ರೂಪಾಯಿ ಇಸಕೊಂಡ. ಇನ್ನೂ ಸೊಟ್ಟ ಆಯಿತು.

ಆ ರಿಮ್ಮಿಂದ ಒಂದೇ ಒಂದು ಒಳ್ಳೇ ಆಟ ಸಿಕ್ಕಿತು, ಅದನ್ನ ಹೇಳಿಬಿಡ್ತೀನಿ. ಹನ್ನೆರಡು ಹನ್ನೆರಡು ತೂತಿಗೆ ಸಮಬಾಹು ತ್ರಿಭುಜ ಕಟ್ಟಿ. ಯಾವುದಾದರೂ ಕಂಸದ ಮೇಲಿನ ಇನ್ನೊಂದು ತೂತಿನಿಂದ ಮೂರು ಶೃಂಗಕ್ಕೂ ದಾರ ಎಳೆಯಿರಿ. ಹತ್ತಿರದ ಎರಡು ದಾರ ಸೇರಿಸಿದರೆ ದೂರದ ದಾರದಷ್ಟೇ ಉದ್ದ. ಪ್ರಮೇಯದಲ್ಲಿ ಸಮಬಾಹುವಿನ ಬಾಹು ಎಲ್ಲಾ ಪದದಲ್ಲೂ ಇರೋದ್ರಿಂದ ಹೊಡೆದು ಹೋಗುತ್ತೆ, ಗುಣಾಕಾರವೇ ಬೇಕಾಗಲ್ಲ. ಸೊಟ್ಟ ರಿಮ್ಮಿನಲ್ಲೂ ಅರ್ಧ ಸೆಂಟಿಮೀಟರ್ ಒಳಗೆ ಕೂತಿತು.

ಆದರೆ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಕೇಳಿದಳು: "ಸಾರ್, ಹತ್ರ ಹತ್ರ ಬಂತು. ಸರಿಸಮ ಅಂತ ಹೆಂಗೆ ಹೇಳ್ತೀರಿ?" ಅಲ್ಲಿಗೆ ರಿಮ್ಮಿನ ಕತೆ ಮುಗೀತು.

ಸರಿ, ಸಾಧನೆಗೇ ಬಂದೆ. ನಿಮಗೆಲ್ಲ ಗೊತ್ತಿರೋದೇ: BD ಕರ್ಣದ ಮೇಲೆ ∠BAE = ∠CAD ಆಗೋ ಹಾಗೆ E ಬಿಂದು ಗುರುತಿಸಿ, ಎರಡು ಜೋಡಿ ಸಮರೂಪ ತ್ರಿಭುಜ ಹಿಡಿದು, ಅನುಪಾತ ಕೂಡೋದು. ಇದನ್ನ ಚೆಂದಕ್ಕೆ ಬಣ್ಣದಲ್ಲಿ ಫ್ಲೆಕ್ಸ್ ಮಾಡಿಸಿದೆ. ನಾನೂರೈವತ್ತೋ ಐನೂರೋ ಆಯಿತು, ಮನೆಯಲ್ಲಿ ಹೇಳಲಿಲ್ಲ. ಮಕ್ಕಳು ಸಮರೂಪತೆ ಒಪ್ಪಿದರು, ಕೂಡಿದ್ದನ್ನೂ ಒಪ್ಪಿದರು. E ಮಾತ್ರ ಒಪ್ಪಲಿಲ್ಲ. "ಆ ಬಿಂದು ಅಲ್ಲೇ ಇಡಬೇಕು ಅಂತ ನಿಮಗೆ ಯಾರು ಹೇಳಿದ್ರು ಸಾರ್?" ಪುಸ್ತಕ ಹೇಳಿತು ಅನ್ನೋದು ಉತ್ತರ ಅಲ್ಲ. ಕ್ರಿಸ್ತಶಕ ಎರಡನೇ ಶತಮಾನದಲ್ಲಿ ಅಲೆಕ್ಸಾಂಡ್ರಿಯಾದ ಟಾಲೆಮಿ, ನಕ್ಷತ್ರದ ಲೆಕ್ಕಕ್ಕೆ ಜ್ಯಾಗಳ ಕೋಷ್ಟಕ ಮಾಡೋವಾಗ ಬಳಸಿದ್ದು ಅಂದೆ. ಅದಕ್ಕೂ ಅವರು ಕರಗಲಿಲ್ಲ.

ಕೊನೆಗೆ ಕೈ ಹಿಡಿದಿದ್ದು ರಟ್ಟು. ಚತುರ್ಭುಜದೊಳಗೆ A ಶೃಂಗ ಇರೋ ಮೂರು ತ್ರಿಭುಜ ತಗೊಳ್ಳಿ: ABD, ACD, ABC. ಒಂದೊಂದನ್ನೂ ಹಿಗ್ಗಿಸಬೇಕು. ABDಯನ್ನು AC ಪಟ್ಟು, ACDಯನ್ನು AB ಪಟ್ಟು, ABCಯನ್ನು AD ಪಟ್ಟು. ಹಿಗ್ಗಿಸಿದ ಮೇಲೆ ಪಕ್ಕಪಕ್ಕ ಇಟ್ಟರೆ ಅಂಚು ಅಂಚಿಗೆ ಕೂತುಕೊಳ್ಳುತ್ತೆ.

ನಾನು ಆರಿಸಿದ ಚತುರ್ಭುಜ ಒಂದು ತ್ರಾಪಿಜ್ಯ: AB 7, BC 6, CD 4, DA 6, ಎರಡೂ ಕರ್ಣ 8. ಇಂಥ ಪೂರ್ಣಾಂಕ ಸಿಗೋದು ಸುಲಭ ಅಲ್ಲ. ನನ್ನ ಡೈರಿಯಲ್ಲಿ ಇನ್ನೂ ಕೆಲವು ಇವೆ, ಅವನ್ನ ಇಲ್ಲಿ ಹಾಕಲ್ಲ. ABD ಅಂದರೆ 7, 6, 8. ಎಂಟರಿಂದ ಹಿಗ್ಗಿಸಿದರೆ 56, 48, 64. ACD ಅಂದರೆ 8, 4, 6. ಏಳರಿಂದ ಹಿಗ್ಗಿಸಿದರೆ 56, 28, 42. ABC ಅಂದರೆ 7, 6, 8. ಆರರಿಂದ ಹಿಗ್ಗಿಸಿದರೆ 42, 36, 48. ಒಂದು ಮಾನಕ್ಕೆ ಅರ್ಧ ಸೆಂಟಿಮೀಟರ್ ಹಿಡಿದರೆ ದೊಡ್ಡ ತುಂಡಿನ ಬುಡ 32 ಸೆಂಟಿಮೀಟರ್, ಬೆಂಚಿನ ಮೇಲೆ ಹಿಡಿಯುತ್ತೆ. ಮೊದಲು ಮಿಲಿಮೀಟರಲ್ಲಿ ಮಾಡಿಸಿದ್ದೆ. ಅಷ್ಟು ಚಿಕ್ಕದರಲ್ಲಿ ಸೊಟ್ಟ ಕೂತರೂ ನೆಟ್ಟಗೆ ಕೂತ ಹಾಗೇ ಕಾಣುತ್ತೆ, ಪ್ರಯೋಜನ ಇಲ್ಲ.

64ರ ಅಂಚು ಕೆಳಗೆ ಬರೋ ಹಾಗೆ ದೊಡ್ಡ ತುಂಡು ಇಡಿ. ಎಡಗಡೆಯ 56ಕ್ಕೆ ಎರಡನೇ ತುಂಡಿನ 56, ಬಲಗಡೆಯ 48ಕ್ಕೆ ಮೂರನೆಯದರ 48. ಎಡ ತುಂಡಿನ 28 ಮತ್ತು ಬಲ ತುಂಡಿನ 36 ಮೇಲ್ತುದಿಯಿಂದ ಹೊರಡಬೇಕು. ತಿರುಗುಮುರುಗಾದರೆ ಎಲ್ಲಾ ಕೆಟ್ಟಿತು, ಅರ್ಧ ಕ್ಲಾಸು ಇಲ್ಲೇ ಎಡವುತ್ತೆ. ಅದಾಗದಂತೆ ನಾನು ತುಂಡಿನ ಹಿಂದೆ ಒಂದು ಗುರುತು ಹಾಕ್ತೀನಿ. ಅದೇನು ಅನ್ನೋದು ನನ್ನ ಹತ್ತಿರವೇ ಇರಲಿ.

ಈಗ ಮೇಲ್ತುದಿ ನೋಡಿ. ಎಡ ತುಂಡಿನ ಕೋನ ∠ACD, ನಡುವಿನದು ∠BAD, ಬಲದ್ದು ∠ACB. ನಾಲ್ಕು ಬಿಂದುವೂ ಒಂದೇ ವೃತ್ತದ ಮೇಲಿರೋದ್ರಿಂದ ∠ACD = ∠ABD, ∠ACB = ∠ADB, ಒಂದೇ ವೃತ್ತಖಂಡದ ಕೋನಗಳು. ಅಂದರೆ ಆ ತುದಿಯಲ್ಲಿ ABD ತ್ರಿಭುಜದ ಮೂರೂ ಕೋನ ಬಂದು ಕೂತಿವೆ, 180 ಡಿಗ್ರಿ. ಹಾಗಾಗಿ ಮೇಲಂಚು ನೆಟ್ಟಗಿದೆ. ಎಡ ಬಲದ ಹೊರ ಅಂಚು ಎರಡೂ AB·AD, ನಮ್ಮಲ್ಲಿ 42. ಬುಡದ ಎಡ ಮೂಲೆಯಲ್ಲಿ ∠ABD + ∠CAD, ಬಲ ಮೂಲೆಯಲ್ಲಿ ∠ADB + ∠BAC. ಎರಡನ್ನೂ ಕೂಡಿದರೆ ಮತ್ತೆ ಅದೇ 180, ಆದ್ದರಿಂದ ಆ ಅಂಚುಗಳು ಸಮಾಂತರ. ಒಟ್ಟು ಆಕೃತಿ ಸಮಾಂತರ ಚತುರ್ಭುಜ. ಕೆಳಗಿನ ಅಂಚು AC·BD, ಮೇಲಿನದು AB·CD ಮತ್ತು BC·AD ಒಟ್ಟಿಗೆ. ಎದುರು ಬಾಹುಗಳು ಸಮ:

AC·BD = AB·CD + BC·AD

64 = 28 + 36. ಅಳತೆಯ "ಹತ್ರ ಹತ್ರ" ಇಲ್ಲಿಲ್ಲ.

ಇದೂ ಮೊದಲ ಸಲಕ್ಕೇ ಕೂತಿದ್ದಲ್ಲ. ಕೋನಮಾಪಕದಲ್ಲಿ ಕೋನ ಹಿಡಿದು ಕತ್ತರಿಸಿದ್ದೇ ತಪ್ಪು. ಮೂರು ಕೋನದಲ್ಲೂ ಒಂದೊಂದು ಡಿಗ್ರಿ ತಪ್ಪಿ ಮೇಲಂಚು ಗೂನು ಬೆನ್ನಿನ ಹಾಗೆ ಕಾಣ್ತಿತ್ತು. ಕೋನ ಬಿಟ್ಟು ಮೂರು ಬಾಹುವಿನ ಅಳತೆಯಲ್ಲಿ, ಕೈವಾರಕ್ಕೆ ಬದಲು ಎರಡು ಸ್ಕೇಲ್ ಸೇರಿಸಿ ಬರೆದೆವು, ಸರಿಹೋಯಿತು. ಇನ್ನೊಂದು, ಅಂಗಡಿಯಿಂದ ತಂದ ಸುಕ್ಕು ರಟ್ಟು ನಮ್ಮ ಮಳೆಗೆ ಬಾತುಕೊಳ್ಳುತ್ತೆ. ಶರ್ಟಿನ ಡಬ್ಬದ ಗಟ್ಟಿ ರಟ್ಟೇ ವಾಸಿ, ಬಟ್ಟೆ ಅಂಗಡಿಯವನು ಪುಕ್ಕಟೆ ಕೊಟ್ಟ. ಕಟ್ಟರ್ ಬ್ಲೇಡಿಗೆ ಮೂವತ್ತು ನಲವತ್ತು ರೂಪಾಯಿ ಬಿದ್ದಿರಬೇಕು. ರಿಮ್, ಸುತ್ತಿಗೆ ಏಟು, ಫ್ಲೆಕ್ಸ್ ಎಲ್ಲಾ ಸೇರಿ ಆರುನೂರರ ಆಸುಪಾಸು ನೀರಿಗೆ ಹಾಕಿದ್ದೆ.

ಸಭೆಯ ಹಿರಿಯ ಮೇಷ್ಟ್ರು ಬಂದು ನೋಡಿದರು. ತ್ರಾಪಿಜ್ಯ ಅಂದ ಮೇಲೆ ಎರಡು ತ್ರಿಭುಜ ಒಂದೇ ಥರ ಇವೆ, ಅದಕ್ಕೇ ಕೂತಿದೆ ಅಂದರು. ಅದಕ್ಕೂ ತಯಾರಾಗಿದ್ದೆ. ಬ್ರಹ್ಮಗುಪ್ತ 628ರಲ್ಲೇ ಎರಡು ಲಂಬಕೋನ ತ್ರಿಭುಜದಿಂದ ಚಕ್ರೀಯ ಚತುರ್ಭುಜ ಕಟ್ಟೋ ದಾರಿ ಹೇಳಿದ್ದಾನೆ. 3, 4, 5 ಮತ್ತು 5, 12, 13 ಹಿಡಿದರೆ ಬಾಹುಗಳು 25, 39, 60, 52, ಕರ್ಣ 56 ಮತ್ತು 63. ಹಿಗ್ಗಿಸಿದ್ದನ್ನ ನೂರರಿಂದ ಭಾಗಿಸಿ ಸೆಂಟಿಮೀಟರಲ್ಲಿ ಕತ್ತರಿಸಿದರೆ ಎಡ ತುಂಡು 13, 14, 15ರ ತ್ರಿಭುಜವೇ ಬರುತ್ತೆ. ಮೇಲೆ 15 ಮತ್ತು 20.28, ಕೆಳಗೆ 35.28. ಮೇಷ್ಟ್ರು ಸ್ಕೇಲ್ ಇಟ್ಟು ನೋಡಿದರು, ಏನೂ ಅನ್ನಲಿಲ್ಲ.

ಆಮೇಲೆ ಅವರೇ ಒಂದು ಒಳ್ಳೇ ಪ್ರಶ್ನೆ ಹಾಕಿದರು: ವೃತ್ತದ ಮೇಲೆ ಇಲ್ಲದಿದ್ದರೆ? ಅಲ್ಲೇ 5ರ ಬಾಹುವಿನ ವಜ್ರಾಕೃತಿ ಹಿಡಿದೆವು, AC 6, BD 8. ತುಂಡುಗಳು 30, 30, 48 ಒಂದು. 30, 25, 25 ಎರಡು. ಕೂಡಿಸಿದರೆ ಎಡ ಬಲದ ಅಂಚು ಈಗಲೂ ಸಮಾಂತರ, ಈಗಲೂ 25 ಮತ್ತು 25. ಅದಕ್ಕೆ ವೃತ್ತವೇ ಬೇಕಿಲ್ಲ. ಮೇಲಂಚು ಮಾತ್ರ ನಡುವಲ್ಲಿ ಏಳು ಮಾನ, ಅಂದರೆ ಮೂರೂವರೆ ಸೆಂಟಿಮೀಟರ್, ಒಳಗೆ ತಗ್ಗಿತು. ತುದಿಯಿಂದ ತುದಿಗೆ 48, ಸುತ್ತಿಕೊಂಡು ಹೋದರೆ 50. ಎದುರು ಬಾಹುಗಳ ಗುಣಲಬ್ಧಗಳ ಮೊತ್ತ ಕರ್ಣಗಳ ಗುಣಲಬ್ಧಕ್ಕಿಂತ ಹೆಚ್ಚಾಯಿತು. ನನಗೆ ಇದರಿಂದ ತಪ್ಪು ಎಲ್ಲಿ ಅಂತ ಪರೀಕ್ಷಿಸೋ ದಾರಿಯೂ ಸಿಕ್ಕಿತು. ಮೇಲಂಚು ಬಾಗಿದ್ದು ಪಕ್ಕದ ಅಂಚುಗಳು ಸಮಾಂತರ ಇದ್ದರೆ ಬಿಂದುಗಳು ವೃತ್ತದ ಮೇಲಿಲ್ಲ. ಪಕ್ಕದವೂ ಸಮಾಂತರ ಇಲ್ಲದಿದ್ದರೆ ಕತ್ತರಿಸಿದವನ ಕೈ ಸರಿಯಿಲ್ಲ.

ಇನ್ನು ಆ E. ತ್ರಾಪಿಜ್ಯದ ತುಂಡುಗಳನ್ನು ಜೋಡಿಸಿಟ್ಟಾಗ ಒಬ್ಬ ಹುಡುಗ ಸುಮ್ಮನೆ ಮೇಲ್ತುದಿಯಿಂದ ಪಕ್ಕದಂಚಿಗೆ ಸಮಾಂತರವಾಗಿ ಪೆನ್ಸಿಲ್ ಗೆರೆ ಎಳೆದ. ಅದು ಬುಡವನ್ನು 28 ಮತ್ತು 36 ಆಗಿ ಕಡಿಯಿತು. ಎಂಟರಿಂದ ಭಾಗಿಸಿ ಮೂಲ ಅಳತೆಗೆ ತಂದರೆ BD ಮೇಲೆ 3.5 ಮತ್ತು 4.5. ಗೆರೆ ಸಮಾಂತರ ಆದ್ದರಿಂದ ಪರ್ಯಾಯ ಕೋನ ಸಮ, ಅಂದರೆ ∠BAE = ∠CAD. ಫ್ಲೆಕ್ಸಿನ E ಅದೇ. ಕಬೋರ್ಡಿನ ಹಿಂದೆ ಸುತ್ತಿಟ್ಟಿದ್ದ ಫ್ಲೆಕ್ಸ್ ತೆಗೆದು ಬಿಡಿಸಿದರೆ ಒಂದು ಮೂಲೆ ಇಲಿ ಕಡಿದಿತ್ತು. E ಉಳಿದಿತ್ತು.