ಊರಿಗೆಲ್ಲ ನಾನೊಬ್ಬನೇ ಇಂಟರ್ನೆಟ್ ಕೊಡುವವನು: ದರ ಎಷ್ಟಿಡಬೇಕು?

ನಮ್ಮ ಊರಿನಲ್ಲಿ ಮನೆಗೆ ಕೇಬಲ್ ಎಳೆದು ಇಂಟರ್ನೆಟ್ ಕೊಡುವವನು ನಾನೊಬ್ಬನೇ. ಹಾಗಂತ ತಿಂಗಳಿಗೆ ಸಾವಿರ ರೂಪಾಯಿ ಕೇಳಿದರೆ ಜನ ಕೊಡ್ತಾರಾ? ಕನೆಕ್ಷನ್ ತೆಗೀರಿ ಅಂದು ಮೊಬೈಲ್ ಡೇಟಾದಲ್ಲೇ ಸುಧಾರಿಸಿಕೊಳ್ಳುತ್ತಾರೆ. ಏಕಸ್ವಾಮ್ಯ ಇದ್ದರೂ ನನ್ನ ಕೈ ಕಟ್ಟಿ ಹಾಕುವುದು ಇದೇ. ಎಷ್ಟು ಬಿಗಿಯಾಗಿ ಕಟ್ಟುತ್ತದೆ ಅನ್ನುವುದಕ್ಕೆ ಅರ್ಥಶಾಸ್ತ್ರಜ್ಞ ಅಬ್ಬಾ ಲರ್ನರ್ 1934ರಲ್ಲಿ ಕೊಟ್ಟ ಅಳತೆ ಇದೆ. ಲಾಭ ಅತಿ ಹೆಚ್ಚಾಗುವ ದರದಲ್ಲಿ ಹೀಗಿರುತ್ತದೆ:

```
(P - MC) / P = 1 / e
```

P ಅಂದರೆ ದರ. MC ಅಂದರೆ ಸೀಮಾಂತ ವೆಚ್ಚ, ಇನ್ನೊಂದು ಮನೆ ಸೇರಿದರೆ ಹೆಚ್ಚಾಗುವ ಖರ್ಚು. e ಬೇಡಿಕೆಯ ಸ್ಥಿತಿಸ್ಥಾಪಕತ್ವ: ದರ ಶೇ. 1 ಏರಿದರೆ ಗಿರಾಕಿಗಳು ಶೇ. ಎಷ್ಟು ಕಡಿಮೆಯಾಗುತ್ತಾರೆ ಅಂತ.

ಮೊದಲು MC ಹಿಡಿದೆ. ಬ್ಯಾಂಡ್‌ವಿಡ್ತ್, ವಸೂಲಿ ಹುಡುಗನ ಕಮಿಷನ್, ರಿಪೇರಿ ಸೇರಿ ಮನೆಗೆ 220 ರೂಪಾಯಿ. ಆಫೀಸ್ ಬಾಡಿಗೆ, ಸಂಬಳ ಇದರಲ್ಲಿ ಬರುವುದಿಲ್ಲ. ಒಂದು ಮನೆ ಹೆಚ್ಚಾದರೂ ಕಡಿಮೆಯಾದರೂ ಅವು ಅಷ್ಟೇ ಇರುತ್ತವೆ ಅಲ್ವಾ?

ಆಮೇಲೆ e. ಒಂದು ಬಡಾವಣೆಯಲ್ಲಿ ಮಾತ್ರ ದರವನ್ನು 500ರಿಂದ 550ಕ್ಕೆ ಏರಿಸಿದೆ, ಪಕ್ಕದ್ದರಲ್ಲಿ ಮುಟ್ಟಲಿಲ್ಲ. ಮಕ್ಕಳ ಪರೀಕ್ಷೆ ಮುಗಿದ ಮೇಲೆ ಹೇಗಿದ್ದರೂ ಕೆಲವರು ಕನೆಕ್ಷನ್ ಬಿಡುತ್ತಾರೆ. ಪಕ್ಕದ ಬಡಾವಣೆ ನೋಡಿ ಆ ಲೆಕ್ಕ ಕಳೆದೆ. ಉಳಿದದ್ದು: 240 ಮನೆ ಇದ್ದದ್ದು 200 ಆಯಿತು. ಅಂದರೆ ಒಂದು ರೂಪಾಯಿಗೆ 0.8 ಮನೆ ಹೋಗುತ್ತದೆ.

ಇಲ್ಲೇ ಎಡವುವ ಜಾಗ. ಎರಡು ದರಗಳ ಸರಾಸರಿ 525, ಮನೆಗಳ ಸರಾಸರಿ 220 ಹಿಡಿದರೆ e = 0.8 × 525 / 220, ಸುಮಾರು 1.9. ಸುಮ್ನೆ ಸೂತ್ರಕ್ಕೆ ಹಾಕಿದರೆ ದರ 462 ಅಂತ ಬರುತ್ತದೆ, ಅಂದರೆ ಇಳಿಸು ಅಂತ. ಆದರೆ e ಒಂದೇ ಕಡೆ ನಿಲ್ಲುವುದಿಲ್ಲ, ದರ ಏರಿದಂತೆ ತಾನೂ ಏರುತ್ತದೆ. 1.9 ಅನ್ನುವುದು 525ರ ಹತ್ತಿರದ್ದು, 462ರದ್ದಲ್ಲ.

ಹಾಗಾಗಿ ಪ್ರತಿ ದರದಲ್ಲೂ ಸೂತ್ರದ ಎರಡು ಬದಿ ಹೋಲಿಸಿದೆ. 500ರಲ್ಲಿ e = 0.8 × 500 / 240, ಅಂದರೆ 1.67, ಬಲಗಡೆ 0.60, ಎಡಗಡೆ 280/500, ಅಂದರೆ 0.56. ಎಡಗಡೆ ಕಡಿಮೆ, ಸ್ವಲ್ಪ ಏರಿಸಬಹುದು. 550ರಲ್ಲಿ e 2.2, ಬಲಗಡೆ 0.45, ಎಡಗಡೆ 0.60. ಜಾಸ್ತಿ ಆಯಿತು, ಇಳಿಸಬೇಕು. 510ರಲ್ಲಿ ಎರಡೂ 0.57ಕ್ಕೆ ಕೂಡುತ್ತವೆ.

ಖರ್ಚು ಕಳೆದು ನೋಡಿದರೆ ಆ ಬಡಾವಣೆಯಿಂದ 500ಕ್ಕೆ 67,200 ರೂಪಾಯಿ, 510ಕ್ಕೆ 67,280, 550ಕ್ಕೆ 66,000. ಎಂಬತ್ತು ರೂಪಾಯಿಗೋಸ್ಕರ ದರ ಬದಲಿಸಿ ಜನರ ಬೈಗುಳ ತಿನ್ನುವುದು ಯಾಕೆ? 500ರಲ್ಲೇ ಬಿಟ್ಟೆ.

ಒಂದು ಬಾಕಿ ಇದೆ. ವರ್ಷದ ಪ್ಲಾನ್ ತೆಗೆದುಕೊಂಡವರು ದರ ಏರಿದ ಕೂಡಲೇ ಬಿಡುವುದಿಲ್ಲ, ರಿನ್ಯೂ ಮಾಡುವಾಗ ಬಿಡುತ್ತಾರೆ. ಅವರನ್ನೂ ಸೇರಿಸಿದರೆ e ನಾನು ಕಂಡದ್ದಕ್ಕಿಂತ ಜಾಸ್ತಿಯೇ ಇರಬೇಕು, ಆಗ ಸರಿಯಾದ ದರ 510ಕ್ಕಿಂತ ಕೆಳಗೇ ಬರುತ್ತದೆ.