ಧರ್ಮಗಳ ರಸಪ್ರಶ್ನೆ: ತಕರಾರಿಲ್ಲದ ಪ್ರಶ್ನೆಪತ್ರಿಕೆ ಬರೆಯುವ ಬಗೆ

ಜಗತ್ತಿನ ಧರ್ಮಗಳ ಕುರಿತ ರಸಪ್ರಶ್ನೆ ಕಾರ್ಯಕ್ರಮಗಳು ಕೆಡುವುದು ಪ್ರಶ್ನೆ ಕಠಿಣವಾಗಿದ್ದಾಗ ಅಲ್ಲ, ಒಂದೇ ಪ್ರಶ್ನೆಗೆ ಎರಡು ಸರಿಯುತ್ತರಗಳಿದ್ದು ನಿರೂಪಕರ ಕೈಯಲ್ಲಿ ಒಂದೇ ಇದ್ದಾಗ.

ಮೊದಲ ಹಂತ ಸುಲಭ: ತಲಾ ಮೂವರ ಆರು ತಂಡಗಳು, ಗ್ರಂಥ, ಹಬ್ಬ, ಚಿತ್ರ, ಕರ್ನಾಟಕ ಎಂಬ ನಾಲ್ಕು ಸುತ್ತುಗಳು, ಸುತ್ತಿಗೆ ಆರು ಪ್ರಶ್ನೆಗಳು.

ಎರಡನೆಯ ಹಂತವಾದ ಪ್ರಶ್ನೆರಚನೆಗೇ ಹೆಚ್ಚಿನ ಸಮಯವನ್ನು ಮೀಸಲಿಡಬೇಕು. ‘ಬೈಬಲಿನಲ್ಲಿ ಎಷ್ಟು ಪುಸ್ತಕಗಳಿವೆ?’ ಎಂದು ಕೇಳಿದರೆ ಪ್ರೊಟೆಸ್ಟೆಂಟರು 66 ಎನ್ನುತ್ತಾರೆ, ಕ್ಯಾಥೊಲಿಕರು 73 ಎನ್ನುತ್ತಾರೆ, ಎರಡೂ ಸರಿ. ಹತ್ತೊಂಬತ್ತನೆಯ ತೀರ್ಥಂಕರರಾದ ಮಲ್ಲಿನಾಥರು ಶ್ವೇತಾಂಬರರ ಪ್ರಕಾರ ಸ್ತ್ರೀ, ದಿಗಂಬರರ ಪ್ರಕಾರ ಪುರುಷ. ಆದ್ದರಿಂದ ಯಾವ ಪಂಥದ ಪ್ರಕಾರ ಎಂಬುದು ಪ್ರಶ್ನೆಯೊಳಗೇ ಇರಬೇಕು. ಚಿತ್ರಸುತ್ತಿನಲ್ಲಿ ಸ್ವಸ್ತಿಕವನ್ನು ತೋರಿಸಿ ಯಾವ ಧರ್ಮದ ಚಿಹ್ನೆಯೆಂದು ಕೇಳಬಾರದು, ಏಕೆಂದರೆ ಹಿಂದೂ, ಜೈನ, ಬೌದ್ಧ ಎಂಬ ಮೂರು ಉತ್ತರಗಳೂ ಸಲ್ಲುತ್ತವೆ. ಅಂಗೈಯಲ್ಲಿ ಚಕ್ರವಿರುವ ಜೈನ ಚಿಹ್ನೆಯನ್ನು ತೋರಿಸಿದರೆ ಆ ಗೊಂದಲವಿಲ್ಲ. ಪ್ರವಾದಿ ಮುಹಮ್ಮದರ ಚಿತ್ರವನ್ನು ಯಾವ ಕಾರಣಕ್ಕೂ ಬಳಸಕೂಡದು. ಅಂತರ್ಜಾಲದಲ್ಲಿ ಸಿಗುವ ಸಿದ್ಧ ಪ್ರಶ್ನೆಗಳ ಕಂತೆಗಳಲ್ಲಿ ಈ ಎಚ್ಚರ ಕಾಣುವುದು ಅಪರೂಪವಾದ್ದರಿಂದ ಅವುಗಳನ್ನು ಹಾಗೆಯೇ ಓದಿಸಬೇಡಿ.

ಪ್ರತಿ ಪ್ರಶ್ನೆಯ ಕೆಳಗೆ ಒಪ್ಪುವ ಉತ್ತರಗಳನ್ನೆಲ್ಲ ಬರೆದಿಡಿ. ಕರ್ನಾಟಕ ಸುತ್ತಿನ ಒಂದು ಪ್ರಶ್ನೆ ಹೀಗಿರಲಿ: ‘ಸಿಖ್ ಸಂಪ್ರದಾಯದ ಪ್ರಕಾರ ಪಂಜ್ ಪ್ಯಾರೆ ಎಂಬ ಐವರಲ್ಲಿ ಬೀದರಿನವರು ಯಾರು?’ ಉತ್ತರ: ಭಾಯಿ ಸಾಹಿಬ್ ಸಿಂಗ್. ಅವರು ಖಾಲ್ಸಾ ಸೇರುವ ಮೊದಲಿನ ಹೆಸರಾದ ಸಾಹಿಬ್ ಚಂದ್ ಎಂದರೂ ಒಪ್ಪಬೇಕು, ಬರೀ ‘ಸಾಹಿಬ್’ ಎಂದರೂ ಒಪ್ಪಬೇಕು. ‘ಸಿಂಗ್’ ಎಂದಷ್ಟೇ ಹೇಳಿದರೆ ಅಂಕವಿಲ್ಲ, ಏಕೆಂದರೆ ಐವರ ಹೆಸರಿನಲ್ಲೂ ಅದಿದೆ.

ಮೂರನೆಯದು ಅಂಕ. ನೇರ ಉತ್ತರಕ್ಕೆ 10, ಪಾಸ್ ಆಗಿ ಬಂದ ಪ್ರಶ್ನೆಗೆ 5, ತಪ್ಪಿಗೆ ಕಡಿತವಿಲ್ಲ, ಯೋಚಿಸಲು 30 ಸೆಕೆಂಡು. ಪ್ರಶ್ನೆ ಯಾವಾಗಲೂ ಒಂದೇ ದಿಕ್ಕಿನಲ್ಲಿ ಪಾಸ್ ಆದರೆ ದುರ್ಬಲ ತಂಡದ ಪಕ್ಕದಲ್ಲಿ ಕುಳಿತವರಿಗೆ ಪ್ರತಿ ಸುತ್ತಿನಲ್ಲೂ ಹೆಚ್ಚುವರಿ ಅವಕಾಶ ಸಿಗುತ್ತದೆ. ಆದ್ದರಿಂದ ಎರಡು ಸುತ್ತುಗಳನ್ನು ಎಡದಿಂದ, ಎರಡನ್ನು ಬಲದಿಂದ ನಡೆಸಬೇಕು. ಬಜರ್ ಬೇಡವೇ ಬೇಡ. ಅಗ್ಗದ ಬಜರುಗಳು ಇಬ್ಬರು ಒಟ್ಟಿಗೆ ಒತ್ತಿದಾಗ ಮೊದಲಿಗರು ಯಾರೆಂದು ತೋರಿಸುವುದಿಲ್ಲ.

ಅಂಕಗಳು ಸಮವಾದರೆ ಅಂದಾಜಿನ ಪ್ರಶ್ನೆ ಕೇಳಿ, ಉತ್ತರವನ್ನು ಚೀಟಿಯಲ್ಲಿ ಬರೆಸಿ: ‘ಗುರು ಗ್ರಂಥ ಸಾಹಿಬ್‌ನ ಪ್ರಮಾಣಿತ ಮುದ್ರಣದಲ್ಲಿ ಎಷ್ಟು ಪುಟಗಳಿವೆ?’ ಉತ್ತರ 1430. ಒಂದು ತಂಡ 1300 ಎಂದೂ ಇನ್ನೊಂದು 1500 ಎಂದೂ ಬರೆದರೆ ವ್ಯತ್ಯಾಸ ಕ್ರಮವಾಗಿ 130 ಮತ್ತು 70. ಎರಡನೆಯ ತಂಡ ಗೆದ್ದಂತೆ. ವ್ಯತ್ಯಾಸವೂ ಸಮವಾದರೆ ಪ್ರೊಟೆಸ್ಟೆಂಟ್ ಬೈಬಲಿನ ಅಧ್ಯಾಯಗಳೆಷ್ಟೆಂದು ಕೇಳಬಹುದು; ಉತ್ತರ 1189. ಋಗ್ವೇದದ ಸೂಕ್ತಗಳ ಸಂಖ್ಯೆಯನ್ನು ಮಾತ್ರ ಇಲ್ಲಿ ಕೇಳಬೇಡಿ: ವಾಲಖಿಲ್ಯ ಸೂಕ್ತಗಳನ್ನು ಸೇರಿಸಿದರೆ ಅದು 1028, ಬಿಟ್ಟರೆ 1017.