ಮೀಟಿಂಗ್ ಮಾತು: ಯಾವುದನ್ನು ಬಿಡೋದು, ಯಾವುದನ್ನು ಉಳಿಸೋದು?

ಬೆಂಗಳೂರಿನ ಅಪಾರ್ಟ್‌ಮೆಂಟ್ ಸಂಘಗಳ ಮೀಟಿಂಗ್ ರೆಕಾರ್ಡಿಂಗ್ ಕೇಳಿ ಬರೆದುಕೊಡುವುದು, ಆಮೇಲೆ ಅದನ್ನು ಚಿಕ್ಕದು ಮಾಡುವುದು ನನ್ನ ಕೆಲಸ. ಇದು ನಡಾವಳಿ ಬರೆಯುವ ಕೆಲಸ ಅಲ್ಲ. ನಡಾವಳಿಗೆ ತೀರ್ಮಾನ ಇದ್ದರೆ ಸಾಕು. ಇಲ್ಲಿ ಯಾರು ಏನು ಹೇಳಿದರು ಅನ್ನೋದು ಅವರ ಮಾತಲ್ಲೇ ಉಳಿಯಬೇಕು, ಪುಟ ಮಾತ್ರ ಕಡಿಮೆಯಾಗಬೇಕು.

ನಾನು ಮೊದಲ ಸಾಲಿನಿಂದ ಕತ್ತರಿಸಲು ಶುರು ಮಾಡುವುದಿಲ್ಲ. ಮೊದಲು ಕೊನೆಗೆ ಹೋಗಿ ತೀರ್ಮಾನಗಳಿಗೆ ಗುರುತು ಹಾಕುತ್ತೇನೆ. ಆಮೇಲೆ ಹಿಂದೆ ಹಿಂದೆ ಬರುತ್ತಾ, ಈ ತೀರ್ಮಾನ ಯಾವ ಮಾತಿನಿಂದ ಹುಟ್ಟಿತು ಅಂತ ನೋಡುತ್ತೇನೆ. ಬೇಡ ಅನಿಸಿದ್ದನ್ನು ಬೂದು ಬಣ್ಣ ಮಾಡಿ ಬಿಡುತ್ತೇನೆ, ಅಳಿಸುವುದು ಕೊನೆಗೆ. ಮುಂದಿನಿಂದ ಓದಿದರೆ ಎಲ್ಲ ಹರಟೆಯೂ ಹರಟೆ ಥರಾನೇ ಕಾಣುತ್ತದೆ.

ಒಂದು ಮೀಟಿಂಗ್ ಹೇಳುತ್ತೇನೆ. ಬೇಸಿಗೆ, ಬೋರ್ ಬತ್ತಿತ್ತು. ಸಂಪು ತುಂಬಿಸಲು ಟ್ಯಾಂಕರ್ ಬರುತ್ತಿತ್ತು. ಪ್ರತಿ ಮನೆಗೂ ನೀರಿನ ಮೀಟರ್ ಹಾಕಬೇಕಾ ಅನ್ನೋದು ಚರ್ಚೆ. ಕಮಿಟಿಯವರು 7 ಜನ. ಕೊನೆಗೆ 4 ಜನ ಬೇಕು ಅಂದರು, 2 ಜನ ಬೇಡ ಅಂದರು.

ಹಾಗಾದರೆ ಏಳನೆಯವರು? ಅವರು ಟ್ರಾಫಿಕ್ ಬಗ್ಗೆ ನಡೆದ ಹರಟೆಯಲ್ಲಿದ್ದರು. ಯಾರೋ ಸಿಲ್ಕ್ ಬೋರ್ಡ್ ಜಂಕ್ಷನ್ ತಮಾಷೆ ಮಾಡುತ್ತಿದ್ದಾಗ ಒಬ್ಬ ಮೇಡಂ, "ಸರಿ, ನಾನು ಹೊರಡ್ತೀನಿ, ಮಗಳನ್ನ ಟ್ಯೂಷನ್‌ನಿಂದ ಕರ್ಕೊಂಡು ಬರ್ಬೇಕು" ಅಂದಿದ್ದರು. ತಮಾಷೆ ಪೂರ್ತಿ ಹೋಯಿತು. ಅವರು ಎದ್ದುಹೋದದ್ದನ್ನು ಮಾತ್ರ ಸಮಯದ ಸಮೇತ ಬ್ರಾಕೆಟ್‌ನಲ್ಲಿ ಉಳಿಸಿದೆ. ಮಗಳ ವಿಷಯ ಅಲ್ಲಿ ಬೇಕಿಲ್ಲ. ಹರಟೆಯಲ್ಲಿ ನಾನು ಹುಡುಕುವುದು ಇಷ್ಟೇ: ಯಾರು ಬಂದರು, ಯಾರು ಹೋದರು, ಯಾರಾದರೂ ಏನನ್ನಾದರೂ ಒಪ್ಪಿಕೊಂಡರಾ.

ನಡುವೆ ಕಾವೇರಿ ಐದನೇ ಹಂತದ ಬಗ್ಗೆ ದೊಡ್ಡ ಮಾತು ನಡೆದಿತ್ತು. ಯಾವ ಏರಿಯಾಗೆ ಲೈನ್ ಬಂತು, ಯಾರ ಭಾವನ ಮನೆಗೆ ಇನ್ನೂ ಬಂದಿಲ್ಲ, ಹೀಗೆ. ವಿಷಯಕ್ಕೆ ಸಂಬಂಧ ಇಲ್ಲ ಅಂತ ಬಿಡಬಹುದಿತ್ತು. ಆದರೆ ತುಂಬಾ ಹೊತ್ತಿನ ಮೇಲೆ ಖಜಾಂಚಿ, "ಆಗ್ಲೇ ಸಾರ್ ಹೇಳಿದ ಹಾಗೆ ಕಾಯೋಣ ಅಂದ್ರೆ ಈ ಬೇಸಿಗೆ ಹೋಗ್ಬಿಡುತ್ತೆ" ಅನ್ನುತ್ತಾರೆ. ಯಾವ ಸಾರ್? ಎಲ್ಲಿ ಹೇಳಿದ್ದು? ಹುಡುಕಿದರೆ ಆ ಕಾವೇರಿ ಮಾತಿನ ಮಧ್ಯೆ ಒಂದು ಸಾಲು: "ಕನೆಕ್ಷನ್ ಬರೋ ತನಕ ಮೀಟರ್ ಬೇಡ." ಆ ಒಂದು ಸಾಲು ಉಳಿಯಿತು, ಸುತ್ತಲಿನದ್ದು ಹೋಯಿತು. ಹೋದ ಜಾಗದಲ್ಲಿ […] ಹಾಕುತ್ತೇನೆ, ಇಲ್ಲದಿದ್ದರೆ ಒಂದೇ ಉಸಿರಲ್ಲಿ ಹೇಳಿದ ಹಾಗೆ ಕಾಣುತ್ತದೆ.

ಜಾಸ್ತಿ ತಲೆ ತಿನ್ನುವುದು ಮತ್ತೆ ಮತ್ತೆ ಹೇಳಿದ ಮಾತು. ಬೋರ್ ಬತ್ತಿದ್ದನ್ನು ಕಾರ್ಯದರ್ಶಿ ಒಬ್ಬರೇ ಬೇರೆ ಬೇರೆ ಕಡೆ ಹೇಳಿದ್ದರು. ಅದರಲ್ಲಿ ಪೂರ್ತಿ ವಿವರ ಇರುವ ಒಂದನ್ನು ಇಟ್ಟುಕೊಂಡೆ. ಅದೇ ಮಾತನ್ನು ಇನ್ನೊಬ್ಬರು ಹೇಳಿದರೆ ಅದು ಪುನರಾವರ್ತನೆ ಅಲ್ಲ, ಬೆಂಬಲ. ಅಲ್ಲಿ ಒಂದು ಚಿಕ್ಕ ಸಾಲಾದರೂ ಬೇಕು.

ಒಬ್ಬ ಅಂಕಲ್, "ಬಾಡಿಗೆಯವರ ಬಿಲ್ ಯಾರು ಕಟ್ತಾರೆ?" ಅಂತ ಮೂರು ಸಲ ಕೇಳಿದ್ದರು. ಮೊದಲ ಸಲ ಯಾರೂ ಉತ್ತರಿಸಿರಲಿಲ್ಲ, ಮಾತು ಬೇರೆ ಕಡೆ ಹೋಗಿತ್ತು. ಎರಡನೇ ಸಲ ಕೇಳಿದಾಗ ಕಾರ್ಯದರ್ಶಿ, "ಓನರ್ ಜವಾಬ್ದಾರಿ" ಅಂದರು. ಅದಾದ ಮೇಲೂ ಅಂಕಲ್ ಅದೇ ಪ್ರಶ್ನೆ ಕೇಳಿದರು. ಮೊದಲನೆಯದನ್ನು ತೆಗೆದೆ. ಎರಡನೆಯದು ಉತ್ತರದ ಪಕ್ಕದಲ್ಲೇ ಇತ್ತು, ಹಾಗಾಗಿ ಉಳಿಯಿತು. ಮೂರನೆಯದನ್ನೂ ಉಳಿಸಿದೆ. ಉತ್ತರ ಸಿಕ್ಕ ಮೇಲೂ ಕೇಳುತ್ತಿದ್ದಾರೆ ಅಂದರೆ ಒಪ್ಪಿಲ್ಲ ಅಂತ ಅರ್ಥ, ಅಲ್ವಾ? ಅದನ್ನು ತೆಗೆದರೆ ಓದುವವರಿಗೆ ಅಂಕಲ್ ಒಪ್ಪಿಕೊಂಡ ಹಾಗೆ ಕಾಣುತ್ತಿತ್ತು. ವೋಟಿನಲ್ಲಿ ಬೇಡ ಅಂದ ಇಬ್ಬರಲ್ಲಿ ಅವರೂ ಒಬ್ಬರು.

ಅಂಕಿ ಬಂದ ಕಡೆ ಇನ್ನೂ ನಿಧಾನ. ಖಜಾಂಚಿ ಒಂದು ಕಡೆ ದಿನಕ್ಕೆ 3 ಟ್ಯಾಂಕರ್ ಅಂದಿದ್ದರು, ಇನ್ನೊಂದು ಕಡೆ 4. ಕೇಳಲು ಅದೇ ಮಾತು, ಆದರೆ ಯಾವುದು ಸರಿ ಅಂತ ನಿರ್ಧರಿಸುವ ಅಧಿಕಾರ ನನಗಿಲ್ಲ. ಎರಡನ್ನೂ ಇಟ್ಟು ಪಕ್ಕದಲ್ಲಿ ಪ್ರಶ್ನೆ ಗುರುತು ಹಾಕಿದೆ.

ಎಲ್ಲ ಅಳಿಸಿದ ಮೇಲೆ ಮೂಲವನ್ನು ಮುಚ್ಚಿಟ್ಟು ಚಿಕ್ಕದನ್ನು ಮಾತ್ರ ಓದುತ್ತೇನೆ. "ಆಗ್ಲೇ", "ಹೇಳಿದ ಹಾಗೆ", "ಅದಕ್ಕೇ", "ಅವ್ರು" ಇವನ್ನು ಒಂದೊಂದಾಗಿ ಸರ್ಚ್ ಮಾಡಿ, ಪ್ರತಿಯೊಂದಕ್ಕೂ ಹಿಂದೆ ಆಧಾರ ಉಳಿದಿದೆಯಾ ನೋಡುತ್ತೇನೆ. ಆಮೇಲೆ ಕಾರ್ಯದರ್ಶಿಯ ಒಪ್ಪಿಗೆ ಪಡೆದು, ತೀರ್ಮಾನಕ್ಕೆ ವಿರೋಧ ಹೇಳಿದವರಿಗೇ ಮೊದಲು ಕಳಿಸುತ್ತೇನೆ. ಏನು ಬಿಟ್ಟುಹೋಗಿದೆ ಅನ್ನೋದು ಅವರ ಕಣ್ಣಿಗೆ ಬೇಗ ಬೀಳುತ್ತದೆ. ಈ ಸಲ ಅಂಕಲ್ ತಮ್ಮ ಪ್ರಶ್ನೆಯ ಬಗ್ಗೆ ಏನೂ ಹೇಳಲಿಲ್ಲ. ಟ್ಯಾಂಕರ್ ಪಕ್ಕದಲ್ಲಿ ಮಾತ್ರ ಬರೆದಿದ್ದರು: "ಎರಡೂ ಸರಿ. ವಾರದ ದಿನ 3, ಭಾನುವಾರ 4."